ಮಗಳು ಹೊರಟ ಮನೆ: ವಿದೇಶ ವಲಸೆಯ ಬಗ್ಗೆ ಸ್ಪರ್ಧೆಗೆ ಏಕಾಂಕ ಬರೆಯುವ ಬಗೆ

"ಏಕಾಂಕ ಸ್ಪರ್ಧೆಗೆ ವಲಸೆಯ ವಿಷಯ ಕೊಟ್ಟಿದ್ದಾರೆ. ಮನೆಯ ಮಗನೋ ಮಗಳೋ ಹೊರದೇಶಕ್ಕೆ ಹೋದಾಗ ಕುಟುಂಬ ಒಡೆಯುವ ಕಥೆ ಬೇಕು. ಎಲ್ಲಿಂದ ಶುರು ಮಾಡೋಣ?" ಕಾಲೇಜು ತಂಡಗಳವರು, ಹವ್ಯಾಸಿ ಬರಹಗಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರತಿಯೊಬ್ಬರಿಗೂ ತುಂಡುತುಂಡಾಗಿ ಉತ್ತರಿಸುವ ಬದಲು ಒಂದು ಏಕಾಂಕವನ್ನು ಬುಡದಿಂದ ಕಟ್ಟಿ ತೋರಿಸುತ್ತೇನೆ. ಕಥೆ ಶಿರಸಿ ಕಡೆಯ ಅಡಿಕೆ ತೋಟದ ಮನೆಯದು. ನಿಮ್ಮ ಊರು, ನಿಮ್ಮ ಕಸುಬು ಬೇರೆಯಾಗಿದ್ದರೆ ಹೆಸರುಗಳನ್ನಷ್ಟೇ ಬದಲಿಸಿ ಕೈತೊಳೆದುಕೊಳ್ಳಬೇಡಿ. ಕಟ್ಟುವ ಕ್ರಮವನ್ನು ಇಟ್ಟುಕೊಂಡು, ವಿವರಗಳನ್ನು ನಿಮ್ಮ ನೆಲದಿಂದಲೇ ತನ್ನಿ.

ಏಕಾಂಕ ಎಂದರೆ ಒಂದೇ ಅಂಕದಲ್ಲಿ ಮುಗಿಯುವ ನಾಟಕ. ಸ್ಪರ್ಧೆಯ ಮಟ್ಟಿಗೆ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿರಿ: ಒಂದು ಜಾಗ, ಒಂದು ರಾತ್ರಿ, ಬೆಳಗಾಗುವುದರೊಳಗೆ ತೀರ್ಮಾನವಾಗಲೇಬೇಕಾದ ಒಂದು ಪ್ರಶ್ನೆ.

1. ಪೆನ್ನು ಹಿಡಿಯುವ ಮೊದಲು ನಿಯಮಾವಳಿ ಓದಿ

ಸ್ಪರ್ಧೆಯಲ್ಲಿ ಎರಡು ಬಗೆ. ಒಂದರಲ್ಲಿ ಬರಹವನ್ನಷ್ಟೇ ಕಳಿಸಬೇಕು, ಇನ್ನೊಂದರಲ್ಲಿ ಆಡಿ ತೋರಿಸಬೇಕು. ಬರಹದ ಸ್ಪರ್ಧೆಯಲ್ಲಿ ತೀರ್ಪುಗಾರರು ನಾಟಕವನ್ನು ಓದಿಯೇ ಕಣ್ಣಮುಂದೆ ಕಂಡುಕೊಳ್ಳಬೇಕಾಗುತ್ತದೆ. ಹಾಗಾಗಿ ರಂಗಸೂಚನೆ, ಅಂದರೆ ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಆವರಣದಲ್ಲಿ ಬರೆಯುವ ಮಾತು, ಸ್ಪಷ್ಟವಾಗಿರಬೇಕು. ಆಡಿ ತೋರಿಸುವ ಸ್ಪರ್ಧೆಯಲ್ಲಿ ಎಲ್ಲವನ್ನೂ ಆಳುವುದು ಗಡಿಯಾರ. ವಿಶ್ವವಿದ್ಯಾಲಯಗಳ ಯುವಜನೋತ್ಸವಗಳಲ್ಲಿ ಏಕಾಂಕಕ್ಕೆ ಸಾಮಾನ್ಯವಾಗಿ 30 ನಿಮಿಷ ಕೊಡುತ್ತಾರೆ. ರಂಗದ ಮೇಲೆ 9 ಜನ, ಹಿನ್ನೆಲೆಗೆ 3 ಜನ ಎಂಬ ಮಿತಿಯೂ ಇರುತ್ತದೆ. ನಿಮ್ಮ ಸ್ಪರ್ಧೆಯ ಲೆಕ್ಕ ಬೇರೆ ಇರಬಹುದು, ಆದ್ದರಿಂದ ನಿಯಮದ ಪ್ರತಿಯನ್ನು ತರಿಸಿಕೊಂಡು ನೋಡಿ. ಸಮಯದ ಎಣಿಕೆ ಯಾವಾಗ ಶುರುವಾಗುತ್ತದೆ ಎಂಬುದನ್ನು ಮಾತ್ರ ಮರೆಯದೆ ಕೇಳಿ. ತಂಡದ ಪರಿಚಯ ಹೇಳುವ ಹೊತ್ತೂ ಕೆಲವೆಡೆ ನಾಟಕದ ಲೆಕ್ಕಕ್ಕೇ ಸೇರುತ್ತದೆ.

30 ನಿಮಿಷದ ಮಿತಿಗೆ 26–27 ನಿಮಿಷದ ನಾಟಕ ಬರೆಯಿರಿ. ಮೌನ, ನಡಿಗೆ, ಕೆಲಸ ಎಲ್ಲ ಸೇರಿ ಅಷ್ಟಾಗಬೇಕಾದರೆ ನನ್ನ ಅಂದಾಜಿನಲ್ಲಿ ಮಾತು ಎರಡು ಸಾವಿರದಿಂದ ಎರಡೂಕಾಲು ಸಾವಿರ ಪದ ಸಾಕು.

2. ಜಗಳ ಯಾರ ನಡುವೆ ಎಂದು ತೀರ್ಮಾನಿಸಿ

ಹೆಚ್ಚಿನ ಹಸ್ತಪ್ರತಿಗಳು ಕೆಡುವುದು ಇಲ್ಲಿ. ಈ ವಿಷಯ ಕೊಟ್ಟ ಕೂಡಲೇ ಎಲ್ಲರ ತಲೆಗೂ ಬರುವ ಚಿತ್ರ ಒಂದೇ: ಮುದಿ ತಂದೆತಾಯಿ, ಮೇಜಿನ ಮೇಲೆ ಫೋನು, ಅಮೆರಿಕದಲ್ಲಿ ಮಗ, ಕೊನೆಗೆ ಒಂದು ಸಾವು, ವಿಡಿಯೋ ಕಾಲ್‌ನಲ್ಲಿ ಅಂತ್ಯಸಂಸ್ಕಾರ. ಇದು ಸುಳ್ಳೇನೂ ಅಲ್ಲ, ಮನೆಮನೆಯಲ್ಲಿ ನಡೆದಿರುವುದೇ. ಆದರೆ ರಂಗದ ಮೇಲೆ ಇದಕ್ಕೊಂದು ದೊಡ್ಡ ಕೊರತೆ ಇದೆ. ಯಾರ ಮೇಲೆ ಸಿಟ್ಟೋ ಆ ಮನುಷ್ಯ ಅಲ್ಲಿ ಇಲ್ಲ. ಎದುರಿಗಿಲ್ಲದವನ ಮೇಲೆ ಇಪ್ಪತ್ತೈದು ನಿಮಿಷ ದೂರು ಹೇಳಿದರೆ ಅದು ಅಳಲಾಗುತ್ತದೆ, ನಾಟಕವಾಗುವುದಿಲ್ಲ. ಅವನು ಮರುಮಾತು ಆಡಲಾರನಾದ್ದರಿಂದ ತಪ್ಪೆಲ್ಲ ಅವನದೇ ಆಗಿಬಿಡುತ್ತದೆ. ಆಮೇಲೆ ಪ್ರೇಕ್ಷಕರಿಗೆ ಯೋಚಿಸುವುದಕ್ಕೇ ಏನೂ ಉಳಿಯುವುದಿಲ್ಲ.

ಹಾಗಾಗಿ ನನ್ನ ಸಲಹೆ ಎರಡು. ಹೋದಮೇಲಿನ ವರ್ಷಗಳನ್ನು ಬಿಟ್ಟು ಹೋಗುವ ಮುಂಚಿನ ಒಂದು ರಾತ್ರಿಯನ್ನು ಆರಿಸಿಕೊಳ್ಳಿ. ಹೋಗುವವರು ರಂಗದ ಮೇಲೇ ಇರಲಿ, ಅವರ ಮಾತಿನಲ್ಲೂ ಪೂರ್ತಿ ನ್ಯಾಯವಿರಲಿ. ಎರಡನೆಯದಾಗಿ, ಒಡಕು ಹೋಗುವವರಿಗೂ ಉಳಿಯುವವರಿಗೂ ನಡುವೆ ಮಾತ್ರ ಇದ್ದರೆ ಸಾಲದು. ಉಳಿಯುವವರ ಒಳಗೂ ಇರಬೇಕು. ಒಬ್ಬರು ಹೊರಡುವಾಗ ಅದಕ್ಕೆ ಬೆಲೆ ತೆರುವವರು ಯಾರು, ಯಾರು ಯಾರಿಗೆ ತಿಳಿಸದೆ ಏನು ಕೊಟ್ಟರು ಎಂಬ ಲೆಕ್ಕದಲ್ಲೇ ಮನೆಗಳು ಒಡೆಯುವುದು.

ನಮ್ಮ ಕಥೆ ಹೀಗೆ. ಡಿಸೆಂಬರ್ ತಿಂಗಳು. ಮೇಘಾಗೆ 24 ವರ್ಷ, ಐರ್ಲೆಂಡಿನ ಡಬ್ಲಿನ್‌ನಲ್ಲಿ ಜನವರಿಯಿಂದ ಶುರುವಾಗುವ ಒಂದು ವರ್ಷದ ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕಿದೆ. 16 ಲಕ್ಷ ರೂಪಾಯಿ ಸಾಲ ಬೇಕು. ನಾಳೆ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿಗೆ ಹೋಗಬೇಕು. ಮನೆ ಅಡಮಾನಕ್ಕೆ ಅಣ್ಣ ಗಣಪತಿಯ ಸಹಿಯೂ ಬೇಕು. ಗಣಪತಿಗೆ 33. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳಲು ಉಳಿದವನು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ತೋಟ ಮಾಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗುವುದು ಈಗ ಬಹಳ ಕಷ್ಟ. ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಅವರು ಮೊದಲೇ ಕೇಳಿರುವ ಪ್ರಶ್ನೆ: ಮನೆಯ ಮೇಲೆ ಸಾಲ ಇದೆಯೋ?

ಇಬ್ಬರಿಗೂ ಬದುಕು ಬೇಕು, ಇಬ್ಬರ ಬದುಕೂ ಒಂದೇ ಮನೆಯ ಕಾಗದದ ಮೇಲೆ ನಿಂತಿದೆ. ನಾಟಕಕ್ಕೆ ಬೇಕಾದ ಗಂಟು ಇದೇ.

3. ಕಾಗದಪತ್ರ ಸರಿ ಮಾಡಿಕೊಳ್ಳಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ತೀರ್ಪುಗಾರರ ಸಾಲಿನಲ್ಲೋ ಸಭೆಯಲ್ಲೋ ಬ್ಯಾಂಕಿನವರೊಬ್ಬರು, ವಕೀಲರೊಬ್ಬರು ಕೂತೇ ಇರುತ್ತಾರೆ. "ಇದು ಹೀಗಾಗುವುದೇ ಇಲ್ಲ" ಎಂದು ಅವರಿಗೆ ಒಮ್ಮೆ ಅನ್ನಿಸಿದರೆ ಮುಂದಿನ ಕಣ್ಣೀರನ್ನು ಅವರು ನಂಬುವುದಿಲ್ಲ. ನಮ್ಮ ಕಥೆಗೆ ಬೇಕಾದ ಸಂಗತಿಗಳು ಇಷ್ಟೇ.

ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವಿಡಬೇಕಾಗಿಲ್ಲ, ಅದಕ್ಕೆ ಮೇಲ್ಪಟ್ಟರೆ ಬ್ಯಾಂಕು ಆಸ್ತಿ ಕೇಳುತ್ತದೆ. ಹೆಸರಾಂತ ಕೆಲವು ವಿದ್ಯಾಸಂಸ್ಥೆಗಳಿಗೆ ಅಡಮಾನವಿಲ್ಲದೆಯೇ ದೊಡ್ಡ ಸಾಲ ಕೊಡುವ ಯೋಜನೆಗಳೂ ಇವೆ. ಆದ್ದರಿಂದ ಮೇಘಾಳ ಸೀಟು ಆ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಒಂದು ಮಾತಿನಲ್ಲಿ ಹೇಳಿಸಿಬಿಡಿ. ಕೃಷಿ ಜಮೀನನ್ನು ಈ ಸಾಲಕ್ಕೆ ಅಡಮಾನವಾಗಿ ಒಪ್ಪದ ಬ್ಯಾಂಕುಗಳೇ ಹೆಚ್ಚು. ಹಾಗಾಗಿ "ತೋಟ ಅಡವಿಡು" ಎಂದು ಬರೆಯುವ ಬದಲು ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9, ನಮೂನೆ 11 ಇರುವ ಮನೆಯನ್ನೇ ಹಿಡಿಯಿರಿ. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟುವುದನ್ನು ಮುಂದೂಡಲು ಅವಕಾಶವಿರುತ್ತದೆ. 16 ಲಕ್ಷಕ್ಕೆ ಶೇಕಡಾ 10ರ ಬಡ್ಡಿ, 15 ವರ್ಷದ ಅವಧಿ ಹಿಡಿದರೆ ತಿಂಗಳ ಕಂತು 17 ಸಾವಿರ ದಾಟುತ್ತದೆ. ಮುಂದೂಡಿದ ಅವಧಿಯ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. ಗಣಪತಿಯ ಬಾಯಲ್ಲಿ ಬರಬೇಕಾದ್ದು "ಲಕ್ಷಾಂತರ ಸಾಲ" ಎಂಬ ಮಸುಕು ಮಾತಲ್ಲ, ಈ 17 ಸಾವಿರ.

ಇನ್ನು ಪಾಲಿನ ವಿಚಾರ. ಅಪ್ಪ ತನ್ನ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ, ಉಯಿಲು ಬರೆಯದೆ ಹೋದ ಎಂದಿಟ್ಟುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅಡವಿಡಬೇಕಾದರೆ ಮೂವರೂ ಸಹಿ ಹಾಕಬೇಕು. ಪಿತ್ರಾರ್ಜಿತ ಮನೆ ಎಂದರೆ ಲೆಕ್ಕ ಬೇರೆಯಾಗುತ್ತದೆ, ಅದನ್ನು ರಂಗದ ಮೇಲೆ ವಿವರಿಸುವುದಕ್ಕೇ ಐದು ನಿಮಿಷ ಬೇಕು. "ಅಪ್ಪ ಕಟ್ಟಿಸಿದ್ದು" ಎಂಬ ಒಂದು ಮಾತು ಆ ಐದು ನಿಮಿಷವನ್ನು ಉಳಿಸುತ್ತದೆ.

ಇನ್ನೊಂದು ಸಂಗತಿಯೂ ಕೈಯಲ್ಲಿರಲಿ. ಐರ್ಲೆಂಡಿನಲ್ಲಿ ಸ್ನಾತಕೋತ್ತರ ಓದು ಮುಗಿಸಿದವರಿಗೆ ಕೆಲಸ ಹುಡುಕಿಕೊಳ್ಳಲು ಎರಡು ವರ್ಷದವರೆಗೆ ಉಳಿಯುವ ಅವಕಾಶವಿದೆ. ಮೇಘಾ "ಒಂದು ವರ್ಷದ ಓದು" ಎಂದಾಗ ಗಣಪತಿ "ಒಂದಲ್ಲ, ಮೂರು" ಎನ್ನಲು ಇದು ಆಧಾರ. ಅವನೂ ಹುಡುಕಿ ಓದಿದ್ದಾನೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಯಾಕೆ ಓದಿದ ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ, ಅದಕ್ಕೆ ನಾಟಕದಲ್ಲಿ ಉತ್ತರ ಕೊಡಬೇಡಿ.

4. ಪ್ರತಿ ಪಾತ್ರಕ್ಕೂ ಒಂದು ಬೇಡಿಕೆ, ಒಂದು ಗುಟ್ಟು

ಐದು ಪಾತ್ರ ಸಾಕು. ಪಾತ್ರದ ಗುಣಗಳ ಪಟ್ಟಿ ಮಾಡುವುದಕ್ಕಿಂತ, ಈ ರಾತ್ರಿ ಆ ಪಾತ್ರಕ್ಕೆ ಏನು ಬೇಕು, ಏನನ್ನು ಮುಚ್ಚಿಟ್ಟಿದೆ ಎಂದು ಎರಡೇ ಸಾಲು ಬರೆದುಕೊಳ್ಳಿ.

ಮೇಘಾಗೆ ಅಣ್ಣನ ಸಹಿ ಬೇಕು. ಸೀಟು ಉಳಿಸಿಕೊಳ್ಳಲು ಮುಂಗಡ ಹಣ ಕಟ್ಟಿಯಾಗಿದೆ ಎಂಬುದನ್ನು ಅವಳು ಮುಚ್ಚಿಟ್ಟಿದ್ದಾಳೆ. ಗಣಪತಿಗೆ ಭಾನುವಾರದವರೆಗೆ ಮನೆ ಋಣವಿಲ್ಲದೆ ಇರಬೇಕು. ಹೆಣ್ಣಿನವರು ಬರುವ ವಿಷಯವನ್ನು ಅವನು ಇನ್ನೂ ಯಾರಿಗೂ ಹೇಳಿಲ್ಲ, ಹಿಂದೆ ಹೇಳಿ ಹೇಳಿ ಮುರಿದುಬಿದ್ದದ್ದರಿಂದ. ಆಯಿಗೆ, ಅಂದರೆ ತಾಯಿಗೆ, ಇಬ್ಬರೂ ಮಾತು ಬಿಡಬಾರದು. ತನ್ನ ಎರಡೆಳೆ ಸರವನ್ನು ಗಿರವಿ ಇಟ್ಟು ಮೇಘಾಳ ಮುಂಗಡ ಕಟ್ಟಿದವಳು ಅವಳೇ. ಆ ಸರ ಬರುವ ಸೊಸೆಗೆಂದು ಎತ್ತಿಟ್ಟಿದ್ದು.

ಸುಬ್ರಾಯ ಚಿಕ್ಕಪ್ಪನ ಮಗ ಅಮೆರಿಕಕ್ಕೆ ಹೋಗಿ ಬಹಳ ವರ್ಷವಾಯಿತು. ಚಿಕ್ಕಪ್ಪ "ಸಹಿ ಹಾಕೋ ಮಾರಾಯ" ಎನ್ನಲು ಬಂದವನು. ತನ್ನ ತೋಟವನ್ನು ಮಾರಲು ಮಾತಾಗಿದೆ ಎಂಬುದನ್ನು ಮುಚ್ಚಿಟ್ಟಿದ್ದಾನೆ. ಇನ್ನು ಅಡಿಕೆ ಸುಲಿಯಲು ಬಂದ ನಾಗಿ. ಅವಳ ಮಗ ಕೊಲ್ಲಿ ದೇಶದಲ್ಲಿ ದುಡಿಯುತ್ತಾನೆ, ಹೋಗುವಾಗ ಏಜೆಂಟನಿಗೆ ಕೊಟ್ಟ ಹಣ ಸ್ವಸಹಾಯ ಸಂಘದ ಸಾಲ. ಅಡವಿಡಲು ಅವಳಲ್ಲಿ ಮನೆಯ ಕಾಗದವೇ ಇಲ್ಲ. ಅವಳಿಗೆ ಮೂರೋ ನಾಲ್ಕೋ ಮಾತು ಇದ್ದರೂ ಸಾಕು, ಆದರೆ ದಯವಿಟ್ಟು ಅವಳನ್ನು ನಗಿಸುವ ಪಾತ್ರ ಮಾಡಬೇಡಿ. ವಲಸೆ ಬರೀ ಓದಿದವರ ಮನೆಯ ಕಥೆಯಲ್ಲ ಎಂದು ನಾಟಕದಲ್ಲಿ ತೋರಿಸಬಲ್ಲವಳು ಅವಳೊಬ್ಬಳೇ.

ಎಚ್ಚರಿಕೆ: ಗುಟ್ಟು ಎಂದ ಕೂಡಲೇ ಹಳೆಯ ಪತ್ರ, ಗೊತ್ತಾಗದ ಕಾಯಿಲೆ, ಬಚ್ಚಿಟ್ಟ ನೇಮಕಾತಿ ಆದೇಶ ಇವೆಲ್ಲ ಕೈಗೆ ಬರುತ್ತವೆ. "ನಿನಗೆ ಬಂದ ಕೆಲಸದ ಕಾಗದವನ್ನು ಆಯಿ ಹರಿದುಹಾಕಿದ್ದಳು" ಎಂದು ಬರೆದರೆ ಚಪ್ಪಾಳೆ ಬರಬಹುದು, ಆದರೆ ಆಯಿ ಆಮೇಲೆ ಬರೀ ಖಳನಾಯಕಿಯಾಗಿ ಉಳಿಯುತ್ತಾಳೆ. ಗುಟ್ಟು ಪ್ರೀತಿಯಿಂದಲೇ ಮಾಡಿದ್ದಾಗಿರಬೇಕು, ಇನ್ನೊಬ್ಬರಿಗೆ ಅನ್ಯಾಯವೂ ಆಗಿರಬೇಕು. ಸರದ ಗಿರವಿ ಹಾಗಿದೆ.

5. ಎಲ್ಲರ ಕೈಗೂ ಕೆಲಸ ಕೊಡಿ

ಸೋಫಾದ ಮೇಲೆ ಕೂತು ಮಾತಾಡುವ ನಾಟಕದಲ್ಲಿ ಸಿಟ್ಟು ಬಂದವರು ಎದ್ದು ಹೋಗಿಬಿಡಬಹುದು. ಹೋಗಲಾಗದ ಹಾಗೆ ಕಟ್ಟಿಹಾಕುವ ಕೆಲಸ ಬೇಕು. ಅಡಿಕೆ ಕೊಯ್ಲಿನ ಕಾಲದಲ್ಲಿ ಅದು ತಾನಾಗಿ ಸಿಗುತ್ತದೆ. ಕೆಂಪಡಿಕೆ ಮಾಡಲು ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಬೇಕು, ಬಿಟ್ಟರೆ ಮಾಲು ಕೆಡುತ್ತದೆ. ರಾತ್ರಿ ಜಗುಲಿಯಲ್ಲಿ ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂರುತ್ತಾರೆ. ಎಷ್ಟೇ ಮನಸ್ತಾಪವಾದರೂ ರಾಶಿ ಮುಗಿಯುವವರೆಗೆ ಏಳುವಂತಿಲ್ಲ. ಮಾತು ನಿಂತಾಗಲೂ ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಇರುತ್ತದೆ. ಸಿಟ್ಟು ಬಂದವರ ಕೈ ಜೋರಾಗುತ್ತದೆ, ಸುಳ್ಳು ಹೇಳುವವರ ಕೈ ನಿಲ್ಲುತ್ತದೆ. ನಟರಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ.

ಆ ರಾಶಿಯೇ ಈ ವರ್ಷದ ಆದಾಯ ಎಂಬುದನ್ನು ನೆನಪಿಡಿ. ಆರನೇ ಹಂತದಲ್ಲಿ ಬೇಕಾಗುತ್ತದೆ.

ರಂಗದ ತೊಡಕು ಎರಡಿವೆ. ನೆಲದ ಮೇಲೆ ಕೂತ ನಟರು ಸಮತಟ್ಟಾದ ಸಭಾಂಗಣದಲ್ಲಿ ಮೂರನೇ ಸಾಲಿನ ಆಚೆಯವರಿಗೆ ಕಾಣುವುದಿಲ್ಲ. ಒಂದೂವರೆ ಅಡಿ ಎತ್ತರದ ಮೆಟ್ಟಿನ ಮೇಲೆ ಜಗುಲಿ ಮಾಡಿ, ಅರ್ಧಚಂದ್ರಾಕಾರದಲ್ಲಿ ಕೂರಿಸಿ, ನಡುವೆ ಒಂದು ಜಾಗ ಖಾಲಿ ಬಿಡಿ. ಎರಡನೆಯದು ಕತ್ತಿ. ನಿಜವಾದ ಅಲಗು ಬೇಡವೇ ಬೇಡ. ಜಗಳದ ಮಧ್ಯೆ ಹುಡುಗರು ಕೈ ಕೊಯ್ದುಕೊಳ್ಳುತ್ತಾರೆ, ಸಂಘಟಕರೂ ಒಪ್ಪುವುದಿಲ್ಲ. ಮರದ ತೆಳುಪಟ್ಟಿಗೆ ಬೆಳ್ಳಿಬಣ್ಣ ಹೊಡೆದರೆ ಸಾಕು. ಅಡಿಕೆಯನ್ನು ಮೊದಲೇ ಸಡಿಲವಾಗಿ ಸುಲಿದು ಸಿಪ್ಪೆಯೊಳಗೆ ಇಟ್ಟುಕೊಂಡಿರಲಿ.

ಫೋನಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಒಂದು ಸಲ ಬಳಸಿ, ಅದೂ ಮೊದಲ ಹತ್ತು ನಿಮಿಷದೊಳಗೆ. ಡಿಸೆಂಬರಿನಲ್ಲಿ ಡಬ್ಲಿನ್ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಇಲ್ಲಿ ರಾತ್ರಿ ಎಂಟೂವರೆಯಾದರೆ ಅಲ್ಲಿ ಮಧ್ಯಾಹ್ನ ಮೂರು, ಕಚೇರಿ ತೆರೆದಿರುವ ಹೊತ್ತು. ಹಾಗಾಗಿ "ಮುಂಗಡ ಬಂದಿದೆ, ಉಳಿದ ಶುಲ್ಕಕ್ಕೆ ಈ ವಾರವೇ ಕೊನೆ" ಎಂಬ ಕಾಲೇಜಿನ ಸಂದೇಶ ಆಗ ಮೇಘಾಳ ಫೋನಿಗೆ ಬರಬಹುದು. ಅದನ್ನು ಚಿಕ್ಕಪ್ಪ ಗಟ್ಟಿಯಾಗಿ ಓದಿಬಿಡಲಿ. ಧ್ವನಿಮುದ್ರಿತ ಕರೆಯನ್ನು ನೆಚ್ಚಬೇಡಿ. ನಟ ಒಂದು ಕ್ಷಣ ತಡೆದರೆ ಮುದ್ರಿತ ಧ್ವನಿ ಅವನಿಗಾಗಿ ಕಾಯುವುದಿಲ್ಲ.

6. ನಿಮಿಷದ ಲೆಕ್ಕದಲ್ಲಿ ಘಟನೆ ಜೋಡಿಸಿ

ಸಂಭಾಷಣೆಗೆ ಕೈಹಾಕುವ ಮೊದಲು ಒಂದು ಹಾಳೆಯಲ್ಲಿ ಬರೀ ಘಟನೆಗಳನ್ನು ಬರೆಯಿರಿ. ಪ್ರತಿ ಘಟನೆಯಾದ ಮೇಲೂ ಯಾರೋ ಒಬ್ಬರ ಸ್ಥಿತಿ ಮೊದಲಿನಂತೆ ಇರಬಾರದು.

ಮೊದಲ ಐದು ನಿಮಿಷ ಸುಲಿಯುವ ಕೆಲಸ. ಬ್ಯಾಂಕಿನ ಕಾಗದ ದೇವರ ಗೂಡಿನ ಪಕ್ಕದಲ್ಲಿದೆ, ಎಲ್ಲರ ಕಣ್ಣೂ ಅತ್ತ ಹೋಗುತ್ತದೆ, ಯಾರೂ ಅದರ ಮಾತೆತ್ತುವುದಿಲ್ಲ. ಆಮೇಲೆ ಚಿಕ್ಕಪ್ಪ ಬರುತ್ತಾನೆ, ಮಾತು ಎತ್ತುತ್ತಾನೆ, ಸಂದೇಶ ಓದುತ್ತಾನೆ. ಹತ್ತನೇ ನಿಮಿಷದ ಹೊತ್ತಿಗೆ ಮುಂಗಡ ಕಟ್ಟಿದ್ದು ಬಯಲು. ಹಣ ಎಲ್ಲಿಂದ ಬಂತು ಎಂದು ಗಣಪತಿ ಕೇಳುತ್ತಾನೆ, ಸರದ ವಿಷಯ ಹೊರಬರುತ್ತದೆ. ಆಗ ಅವನು ಭಾನುವಾರದ ವಿಷಯ ಹೇಳುತ್ತಾನೆ. ಇದು ನಾಟಕದ ನಡುಭಾಗ, ಹದಿನಾಲ್ಕನೇ ನಿಮಿಷ.

ಇಲ್ಲಿಗೆ ನಿಲ್ಲಿಸಿದರೆ ಉಳಿಯುವುದು ಬರೀ ದೂರು. ಮುಂದಿನ ತಿರುವು ಕಥೆಯ ಜೀವ. ಮೇಘಾ ಎದುರು ಒಂದು ದಾರಿ ಇಡುತ್ತಾಳೆ: "ನನ್ನ ಪಾಲಿನ ಹಕ್ಕು ಬಿಡುಗಡೆ ಪತ್ರ ಬರೆದುಕೊಡುತ್ತೇನೆ, ಮನೆ ನಿನ್ನದಾಗಲಿ. ಬದಲಿಗೆ ಈ ವರ್ಷದ ಅಡಿಕೆಯ ದುಡ್ಡು ನನಗೆ ಕೊಡು. ಉಳಿದದ್ದಕ್ಕೆ ಅಡಮಾನವಿಲ್ಲದ ಏಳೂವರೆ ಲಕ್ಷದ ಸಾಲ ಸಾಕು." ಹಕ್ಕು ಬಿಡುಗಡೆ ಪತ್ರ ಎಂದರೆ ಆಸ್ತಿಯಲ್ಲಿನ ತನ್ನ ಪಾಲನ್ನು ಇನ್ನೊಬ್ಬ ಪಾಲುದಾರರಿಗೆ ಬಿಟ್ಟುಕೊಡುವ, ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕಾದ ಕಾಗದ. ಗಣಪತಿ ಕೇಳಿದ್ದೆಲ್ಲ ಈಗ ಕೈಗೆ ಬಂತು: ಋಣವಿಲ್ಲದ ಮನೆ, ಭಾನುವಾರ ಹೇಳಿಕೊಳ್ಳಲು ನೇರ ಉತ್ತರ. ಆದರೆ ಮನೆಯಲ್ಲಿ ಪಾಲಿಲ್ಲದ ತಂಗಿ ತಿರುಗಿ ಯಾಕೆ ಬರಬೇಕು? ಅಡಮಾನಕ್ಕೆ ಸಹಿ ಹಾಕಿದರೆ ಸಾಲ ಹೊತ್ತ ಮನೆಯೂ ತಂಗಿಯೂ ಉಳಿಯುತ್ತಾರೆ. ಬಿಡುಗಡೆ ಪತ್ರ ಒಪ್ಪಿದರೆ ಮನೆ ಉಳಿಯುತ್ತದೆ. ಎರಡು ದಾರಿಯಲ್ಲೂ ನಷ್ಟವಿರಬೇಕು. ಒಂದು ದಾರಿ ಸ್ಪಷ್ಟವಾಗಿ ಒಳ್ಳೆಯದಾಗಿ ಕಂಡರೆ ನಿಮ್ಮ ನಾಟಕ ಹದಿನೆಂಟನೇ ನಿಮಿಷಕ್ಕೇ ಮುಗಿದುಹೋಯಿತೆಂದು ತಿಳಿಯಿರಿ.

7. ಮಾತು: ಹೇಳಬೇಕಾದ್ದನ್ನು ಬಿಟ್ಟು ಪಕ್ಕದ್ದನ್ನು ಆಡಿಸಿ

ಒಳಮಾತು ಎಂದರೆ ಆಡಿದ ಮಾತಿನ ಅಡಿಯಲ್ಲಿ ಆಡದೆ ಉಳಿದದ್ದು. ನಮ್ಮ ಮನೆಗಳಲ್ಲಿ ಯಾರೂ "ನೀನು ಹೋದರೆ ನನಗೆ ದುಃಖವಾಗುತ್ತದೆ" ಎನ್ನುವುದಿಲ್ಲ, ಊಟದ ಬಗ್ಗೆಯೋ ಬಟ್ಟೆಯ ಬಗ್ಗೆಯೋ ಕೇಳುತ್ತಾರೆ. ಬಿಡುಗಡೆ ಪತ್ರದ ಮಾತು ಬಂದ ಮೇಲಿನ ತುಣುಕು ಹೀಗಿರಬಹುದು:

ಗಣಪತಿ: (ಕೈ ನಿಲ್ಲಿಸಿ) ಈ ವರ್ಷದ್ದಷ್ಟೂ?
ಮೇಘಾ: ಅಷ್ಟೂ.
ಗಣಪತಿ: ಗೊಬ್ಬರದ ಬಾಕಿ ಉಂಟು. ಕೊಯ್ಲಿನವರಿಗೆ ಕೊಡೋದುಂಟು.
ಮೇಘಾ: ಅದೆಲ್ಲ ಕಳೆದು.
ಚಿಕ್ಕಪ್ಪ: ಪಾಲಿನ ಮಾತು ರಾತ್ರಿ ಹೊತ್ತು ಬ್ಯಾಡ್ರೋ.
ಗಣಪತಿ: ಬರೆದುಕೊಟ್ಟಮೇಲೆ, ಊರಿಗೆ ಬಂದಾಗ ಎಲ್ಲಿ ಇಳೀತೀಯ?
ಮೇಘಾ: (ಸ್ವಲ್ಪ ತಡೆದು) ನೀ ಕರೆದ್ರೆ ಇಲ್ಲೇ.
ಗಣಪತಿ: ಕರೀಬೇಕಾ?
(ಯಾರೂ ಮಾತಾಡುವುದಿಲ್ಲ. ನಾಗಿಯ ಕತ್ತಿಯ ಸದ್ದು ಮಾತ್ರ.)
ಆಯಿ: ಪಾಲು ಅಂತ ಕೂತ್ರೆ ನನ್ನದೂ ಒಂದುಂಟು. ಅದನ್ನ ಯಾರು ಇಟ್ಕೊಳ್ತೀರಿ, ಮೊದಲು ಅದು ಹೇಳಿ.

"ಕರೀಬೇಕಾ?" ಎಂಬ ಒಂದು ಮಾತಿನಲ್ಲಿ ಅಣ್ಣನ ನೋವಷ್ಟೂ ಬಂತು. ಇದಾದ ಮೇಲೆ ಅವನ ಬಾಯಲ್ಲಿ ತ್ಯಾಗದ ಭಾಷಣ ಬರೆದರೆ ಬಂದದ್ದನ್ನೂ ಕಳೆದುಕೊಳ್ಳುತ್ತೀರಿ. ಹಸ್ತಪ್ರತಿಯಲ್ಲಿ ಐದು ಸಾಲಿಗಿಂತ ಉದ್ದದ ಮಾತು ಎಲ್ಲೆಲ್ಲಿದೆಯೋ ಗುರುತು ಹಾಕಿ ಮತ್ತೆ ನೋಡಿ. ಬೇರು, ರೆಕ್ಕೆ, ಗೂಡು, ಹಕ್ಕಿ ಎಂಬ ಪದಗಳನ್ನು ಹುಡುಕಿ ತೆಗೆದುಹಾಕಿ. ವಲಸೆಯ ನಾಟಕಗಳಲ್ಲಿ ಅವು ಸವೆದುಹೋಗಿವೆ.

ಉಪಭಾಷೆಯ ಪ್ರಶ್ನೆ ಯಾವಾಗಲೂ ಬರುತ್ತದೆ. ಶಿರಸಿಯ ಹವ್ಯಕರ ಮನೆಯಲ್ಲಿ ಹವಿಗನ್ನಡವೇ ಆಡುತ್ತಾರೆ. ತಂಡದವರೆಲ್ಲರಿಗೂ ಅದು ಮನೆಮಾತಾದರೆ ಪೂರ್ತಿ ಅದರಲ್ಲೇ ಬರೆಯಿರಿ, ತುಂಬ ಚಂದ ಬರುತ್ತದೆ. ಒಬ್ಬಿಬ್ಬರಿಗೆ ಮಾತ್ರ ಬರುತ್ತದೆಂದಾದರೆ ಮೇಲಿನಂತೆ ಸಾದಾ ಆಡುಗನ್ನಡ ಇಟ್ಟು, ಆಯಿ, ಉಂಟು, ಮಾರಾಯ ಎಂಬಂಥ ಪದಗಳಲ್ಲಿ ಊರಿನ ಸೊಗಡು ಉಳಿಸಿಕೊಳ್ಳಿ. ಅರೆಬರೆ ಕಲಿತ ಉಪಭಾಷೆ ಆ ಊರಿನವರ ಕಿವಿಗೆ ಅಣಕದಂತೆ ಕೇಳುತ್ತದೆ.

8. ಕೊನೆ: ತೀರ್ಮಾನ ಆಗಲಿ, ರಾಜಿ ಬೇಡ

"ಮುಂದೇನಾಯಿತೋ ನೀವೇ ಊಹಿಸಿ" ಎಂದು ಕಾಗದ ಹಿಡಿದು ನಿಂತ ಗಣಪತಿಯ ಮೇಲೆ ಬೆಳಕು ಆರಿಸುವುದು ಸುಲಭ. ಪ್ರೇಕ್ಷಕರು ಇಡೀ ಹೊತ್ತು ಕಾದದ್ದು ಸಹಿ ಆಗುತ್ತದೋ ಇಲ್ಲವೋ ಎಂಬುದಕ್ಕೆ, ಉತ್ತರ ಕೊಡಲೇಬೇಕು. ಅಳುತ್ತ ಎಲ್ಲರೂ ತಬ್ಬಿಕೊಳ್ಳುವ ಕೊನೆಯೂ ಅಷ್ಟೇ ಪೊಳ್ಳು. ಇಪ್ಪತ್ತು ನಿಮಿಷ ಕಟ್ಟಿದ ಲೆಕ್ಕ ಒಂದು ಅಪ್ಪುಗೆಯಲ್ಲಿ ತೀರುವುದಿಲ್ಲ.

ನಾನಾದರೆ ಹೀಗೆ ಮುಗಿಸುತ್ತೇನೆ. ಗಣಪತಿ ಅಡಮಾನದ ಕಾಗದಕ್ಕೇ ಸಹಿ ಹಾಕುತ್ತಾನೆ. ಹಸಿ ಅಡಿಕೆ ಸುಲಿದ ಕೈ ಕಪ್ಪಾಗಿರುತ್ತದೆ, ಕಾಗದಕ್ಕೆ ಬೆರಳಿನ ಕಲೆ ಹತ್ತುತ್ತದೆ. ಮೇಘಾ ಒರೆಸಲು ಹೋದರೆ "ಬಿಡು, ಹೋಗೋದಿಲ್ಲ ಅದು" ಎನ್ನುತ್ತಾನೆ. ಆಯಿಯ ಜೊತೆ ಮಾತ್ರ ಕೊನೆಯವರೆಗೂ ಮಾತಾಡುವುದಿಲ್ಲ. ಸರದ ಸಂಗತಿಯನ್ನು ಅವನು ಕ್ಷಮಿಸಿಲ್ಲ. ತಂಗಿಗೆ ದಾರಿ ಸಿಕ್ಕಿತು, ತಾಯಿ ಮಗನ ನಡುವೆ ಬಿರುಕು ಉಳಿಯಿತು. ಚಿಕ್ಕಪ್ಪ ತನ್ನ ತೋಟದ ಮಾರಾಟದ ಮಾತನ್ನು ಈಗ ಹೇಳಲಿ, ಒಂದೇ ಸಾಲಿನಲ್ಲಿ. ಅದಕ್ಕೆ ಯಾರೂ ಉತ್ತರ ಕೊಡುವುದು ಬೇಡ. ಕೊನೆಯ ಮಾತು ನಾಗಿಯದು: ರಾಶಿ ಇನ್ನೂ ಎಷ್ಟಿದೆ ಎಂದು ಹೇಳಿ ಕೂಲಿಯ ಲೆಕ್ಕ ಕೇಳುತ್ತಾಳೆ. ಗಣಪತಿ ಲೆಕ್ಕ ಹೇಳುತ್ತಿರುವಾಗಲೇ ಬೆಳಕು ನಿಧಾನ ಇಳಿಯಲಿ. ರಂಗದ ಭಾಷೆಯಲ್ಲಿ ಇದಕ್ಕೆ ಫೇಡ್‌ಔಟ್ ಎನ್ನುತ್ತಾರೆ. ಒಮ್ಮೆಗೇ ಕತ್ತಲು ಮಾಡುವ ಬ್ಲ್ಯಾಕ್‌ಔಟ್ ಇಲ್ಲಿ ಬೇಡ, ಅದು ಏನೋ ಆಘಾತವಾಯಿತೆಂಬ ಭಾವನೆ ತರುತ್ತದೆ.

9. ಓದಿಸಿ, ಅಳೆಯಿರಿ, ಕಳಿಸಿ

ಬರೆದದ್ದನ್ನು ನೀವೇ ಓದಿಕೊಂಡರೆ ತಪ್ಪು ಕಿವಿಗೆ ಬೀಳುವುದಿಲ್ಲ. ಐದು ಜನರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ, ನೀವು ಗಡಿಯಾರ ಹಿಡಿದು ಸುಮ್ಮನೆ ಕೇಳಿ. ಓದುವವರು ಎಡವಿದ ಸಾಲು ಬರಹದ ಕನ್ನಡದಲ್ಲಿದೆ ಎಂದರ್ಥ. ಪಾತ್ರದ ಹೆಸರು ಮುಚ್ಚಿ ಓದಿಸಿದರೂ ಮಾತು ಯಾರದೆಂದು ಗೊತ್ತಾಗಬೇಕು. ಮೇಘಾಳ ಮಾತೂ ಗಣಪತಿಯ ಮಾತೂ ಒಂದೇ ಧಾಟಿಯಲ್ಲಿದ್ದರೆ ಇಬ್ಬರಲ್ಲಿ ಒಬ್ಬರನ್ನು ನೀವಿನ್ನೂ ಅರಿತಿಲ್ಲ. ಆಡುವಾಗ ಓದಿಗಿಂತ ಕಾಲುಪಾಲು ಸಮಯ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಓದು 21–22 ನಿಮಿಷಕ್ಕೆ ಮುಗಿಯಬೇಕು. ಹೆಚ್ಚಾದರೆ ಮೊದಲು ಕತ್ತರಿಸಬೇಕಾದ್ದು ಚಿಕ್ಕಪ್ಪನ ಅಮೆರಿಕದ ವರ್ಣನೆ. ಸಮಯ ಮೀರಿದ ನಾಟಕಗಳಲ್ಲಿ ಕೊಬ್ಬು ಸಾಮಾನ್ಯವಾಗಿ ಇಂಥ ಪಾತ್ರದಲ್ಲೇ ಸೇರಿಕೊಂಡಿರುತ್ತದೆ.

ಸಾರಾಂಶ ಕೇಳಿದ್ದರೆ ನೂರು ಪದದೊಳಗೆ ಬರೆಯಿರಿ, ಅದರಲ್ಲಿ ಕೊನೆಯನ್ನೂ ಹೇಳಿ. ಅದು ತೀರ್ಪುಗಾರರಿಗೆ, ಕುತೂಹಲ ಉಳಿಸಬೇಕಾಗಿಲ್ಲ. ಬರಹದ ಸ್ಪರ್ಧೆಯಾದರೆ ಹಸ್ತಪ್ರತಿಯ ಒಳಹಾಳೆಗಳಲ್ಲಿ ನಿಮ್ಮ ಹೆಸರು ಇರಬಾರದೆಂಬ ನಿಯಮ ಸಾಮಾನ್ಯ. ಮೇಲಂಚಿನಲ್ಲಿ ತಾನಾಗಿ ಮುದ್ರಣವಾಗುವ ಹೆಸರನ್ನೂ ಕಡತದ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ. ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಪಾತ್ರಗಳ ಹೆಸರು, ವಯಸ್ಸು, ಸಂಬಂಧ ಕೊಡಿ. ಆಡಿ ತೋರಿಸುವ ಸ್ಪರ್ಧೆಯಾದರೆ ಅಡಿಕೆ, ಬುಟ್ಟಿ, ಮೆಟ್ಟುಗತ್ತಿಯ ಪ್ರತಿಕೃತಿ, ಬ್ಯಾಂಕಿನ ಕಾಗದ ಇವುಗಳನ್ನು ಹೊಂದಿಸಿಟ್ಟುಕೊಳ್ಳುವ ಹೊಣೆ ಒಬ್ಬರಿಗೇ ಇರಲಿ. ಕಲೆ ಹತ್ತಿದ ಕಾಗದ ಮರುದಿನ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಪ್ರತಿ ತಾಲೀಮಿಗೂ ಪ್ರದರ್ಶನಕ್ಕೂ ಒಂದೊಂದರಂತೆ ಸಾಕಷ್ಟು ಪ್ರತಿ ಮುದ್ರಿಸಿಡಿ.